ಅಕ್ಕನ ಫ್ರಿಜ್‌ನಲ್ಲಿ ಉಳಿದ ಸೀರಮ್, ಒಡೆದ ಸನ್‌ಸ್ಕ್ರೀನ್

ಮೇ ತಿಂಗಳಲ್ಲಿ ಕಲಬುರಗಿಯಿಂದ ಅಕ್ಕ ಒಂದು ಫೋಟೊ ಕಳಿಸಿದ್ದಳು. ಅಂಗೈ ಮೇಲೆ ಹಿಂಡಿದ ಸನ್‌ಸ್ಕ್ರೀನ್. ಮೊದಲು ನೀರು ಹರಿದಿದೆ, ಅದರ ಹಿಂದೆ ಬಿಳಿ ಗಂಟು. ಜೊತೆಗೊಂದು ವಾಯ್ಸ್ ಮೆಸೇಜು: "ತಮ್ಮಾ, ಫ್ರಿಜ್‌ನ್ಯಾಗ ಇಟ್ರ ಕೆಡಂಗಿಲ್ಲ ಅಂದಿದ್ದಿ. ನೋಡಿಲ್ಲಿ, ಒಡದ ಹಾಲಿನಂಗ ಆಗೇದ."

ನಾನು ಹೇಳಿದ್ದು ನಿಜ. ಆದರೆ ಹೇಳಿದ್ದು ಅವಳ ವಿಟಮಿನ್ ಸಿ ಸೀರಮ್ ಬಗ್ಗೆ. ಒಂದಕ್ಕೆ ಒಳ್ಳೆಯದಾದರೆ ಎಲ್ಲಕ್ಕೂ ಒಳ್ಳೆಯದೇ ಅಂತ ಅವಳು ಕನ್ನಡಿ ಮುಂದಿದ್ದ ಅಷ್ಟೂ ಬಾಟಲಿಗಳನ್ನು ಸೊಪ್ಪಿನ ಪಕ್ಕಕ್ಕೆ ಸಾಗಿಸಿದ್ದಳು. ಇನ್‌ಸ್ಟಾಗ್ರಾಮಿನಲ್ಲೂ ಹಾಗೇ ತೋರಿಸುತ್ತಾರಲ್ಲ, ಗುಲಾಬಿ ಬಣ್ಣದ ಪುಟ್ಟ ಫ್ರಿಜ್, ಒಳಗೆ ಸಾಲಾಗಿ ಡಬ್ಬಿಗಳು.

ಗೊಂದಲ ಇರುವುದು "ಕೆಡುವುದು" ಅನ್ನುವ ಮಾತಿನಲ್ಲೇ. ಅಡುಗೆಮನೆಯಲ್ಲಿ ನಾವು ಇದನ್ನು ಮೂರು ಥರ ಹೇಳುತ್ತೇವೆ. ಅನ್ನ ಹಳಸುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದೆ. ಹಾಲು ಒಡೆಯುತ್ತದೆ. ಹಳಸುವುದು ಸೂಕ್ಷ್ಮಜೀವಿಗಳ ಕೆಲಸ, ಕಪ್ಪಾಗುವುದು ಗಾಳಿಯಲ್ಲಿರುವ ಆಕ್ಸಿಜನ್ ಜೊತೆ ನಡೆಯುವ ಕ್ರಿಯೆ. ಈ ಎರಡನ್ನೂ ತಣ್ಣಗಿನ ಜಾಗ ನಿಧಾನ ಮಾಡುತ್ತದೆ. ಕ್ರೀಮ್ ಒಡೆಯುವುದು ಬೇರೆಯೇ ಕಥೆ. ಅದನ್ನು ಫ್ರಿಜ್ ತಡೆಯುವುದಿಲ್ಲ, ಕೆಲವೊಮ್ಮೆ ತಾನೇ ಮಾಡುತ್ತದೆ.

ಮೊದಲು ಸೀರಮ್ ನೋಡೋಣ. ಅದರಲ್ಲಿರುವುದು ಎಲ್-ಆಸ್ಕಾರ್ಬಿಕ್ ಆಸಿಡ್, ಅಂದರೆ ನೆಲ್ಲಿಕಾಯಿಯಲ್ಲಿರುವ ವಿಟಮಿನ್ ಸಿ. ನೀರಿನಲ್ಲಿ ಕರಗಿಸಿಟ್ಟರೆ ಇದು ಸುಮ್ನೆ ಕೂರುವುದಿಲ್ಲ. ಆಕ್ಸಿಜನ್ ಸಿಕ್ಕರೆ ಸಾಕು, ಒಂದೊಂದೇ ಮೆಟ್ಟಿಲು ಇಳಿಯುತ್ತಾ ಕೊನೆಗೆ ಹಳದಿ, ಕಂದು ಬಣ್ಣದ ಪದಾರ್ಥಗಳಾಗುತ್ತದೆ. ಮೊದಲ ಮೆಟ್ಟಿಲಿನಿಂದ ವಾಪಸ್ ಹತ್ತಬಹುದು. ಅದರ ಕೆಳಗೆ ಇಳಿದರೆ ಮುಗೀತು.

ತಮಾಷೆ ಏನೆಂದರೆ ಈ ವಿಟಮಿನ್ ನಮ್ಮ ಕೈಗೆ ಸಿಕ್ಕಿದ್ದೇ ಹಣ್ಣು ಕಂದಾಗುವುದನ್ನು ನೋಡುತ್ತಾ ಕೂತವನೊಬ್ಬನಿಂದ. ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿಗೆ ಕೆಲವು ಗಿಡಗಳು ಗಾಯವಾದರೆ ಕಂದಾಗುತ್ತವೆ, ನಿಂಬೆಯಂಥವು ಯಾಕೆ ಆಗುವುದಿಲ್ಲ ಅನ್ನುವ ಪ್ರಶ್ನೆ ಹತ್ತಿತ್ತು. ಬಣ್ಣ ತಿರುಗುವುದನ್ನು ತಡೆಯುವ ಪದಾರ್ಥವನ್ನು ಆತ 1928ರಲ್ಲಿ ಬೇರ್ಪಡಿಸಿದ. ಅದು ಏನೆಂದು ಗೊತ್ತಿಲ್ಲದ್ದರಿಂದ "ಇಗ್ನೋಸ್" ಎಂದು ಹೆಸರಿಟ್ಟ, ಅಂದರೆ ಗೊತ್ತಿಲ್ಲದ ಸಕ್ಕರೆ. ಪತ್ರಿಕೆಯ ಸಂಪಾದಕರು ಹಾಸ್ಯ ಬೇಡ ಅಂದರು. ಹಾಗಾದರೆ "ಗಾಡ್‌ನೋಸ್" ಅನ್ನೋಣ, ದೇವರಿಗೇ ಗೊತ್ತು, ಅಂದ. ಅದನ್ನೂ ಒಪ್ಪಲಿಲ್ಲ. 1937ರಲ್ಲಿ ನೊಬೆಲ್ ಮಾತ್ರ ಬಂತು. ಬೇರೆಯದು ಕಂದಾಗದಂತೆ ಕಾಯುವ ಈ ಪದಾರ್ಥ ಕಾಯುತ್ತಾ ಕಾಯುತ್ತಾ ತಾನೇ ಕಂದಾಗುತ್ತದೆ. ನಿಮ್ಮ ಬಾಟಲಿಯಲ್ಲಿ ಕಾಣುವುದು ಅದೇ.

ಎಷ್ಟು ಬೇಗ ಅನ್ನುವುದು ಬಿಸಿಯ ಮೇಲೆ ನಿಂತಿದೆ. ರಸಾಯನಶಾಸ್ತ್ರದಲ್ಲಿ ಒಂದು ಅಂದಾಜು ಲೆಕ್ಕ ಇದೆ: 10 ಡಿಗ್ರಿ ಇಳಿದರೆ ಕ್ರಿಯೆಯ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಕ್ಕನ ಕೋಣೆ ಮೇ ತಿಂಗಳಲ್ಲಿ 35 ಡಿಗ್ರಿ, ಫ್ರಿಜ್ 5 ಡಿಗ್ರಿ ಅಂದುಕೊಳ್ಳಿ. ನಡುವೆ 30 ಡಿಗ್ರಿ. ಅರ್ಧದ ಅರ್ಧದ ಅರ್ಧ, ಅಂದರೆ ಎಂಟನೇ ಒಂದು ಪಾಲು. ಕಪಾಟಿನಲ್ಲಿ ಒಂದು ವಾರದಲ್ಲಿ ಆಗುವ ಹಾಳು ಫ್ರಿಜ್‌ನಲ್ಲಿ ಆಗಲು ಸುಮಾರು ಎರಡು ತಿಂಗಳು ಬೇಕು. ಮಡಿಕೇರಿಯ ಚಳಿಗಾಲದಲ್ಲಿ ಇದೇ ಲೆಕ್ಕ ಹಾಕಿದರೆ ಲಾಭ ಅಷ್ಟೇನೂ ಇಲ್ಲ.

ಲೆಕ್ಕವನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಅಕ್ಕ ಹೊಸದಾಗಿ ತರಿಸಿದ 15% ಸೀರಮನ್ನು ಎರಡು ಚಿಕ್ಕ ಕಂದು ಬಾಟಲಿಗಳಿಗೆ ಹಂಚಿಸಿದೆ. ಒಂದು ಕಪಾಟಿಗೆ, ಒಂದು ಫ್ರಿಜ್‌ಗೆ. ಪರೀಕ್ಷೆಗೆ ಗಾಯಕ್ಕೆ ಹಚ್ಚುವ 10% ಪೋವಿಡೋನ್ ಅಯೋಡಿನ್ ದ್ರವ ಮತ್ತು ಅನ್ನ ಬಸಿದ ತಿಳಿಗಂಜಿ ಸಾಕು. ಅಯೋಡಿನ್ ಗಂಜಿಗೆ ಸೇರಿದರೆ ಕಡು ನೀಲಿ ಬಣ್ಣ ಬರುತ್ತದೆ. ವಿಟಮಿನ್ ಸಿ ಇದ್ದರೆ ಬರುವುದಿಲ್ಲ, ಯಾಕೆಂದರೆ ಅಯೋಡಿನ್ನನ್ನು ಅದು ಮೊದಲೇ ಮುಗಿಸಿಬಿಡುತ್ತದೆ. ಅರ್ಧ ಲೋಟ ನೀರು, ಒಂದು ಚಮಚ ತಣಿದ ಗಂಜಿ, ಒಂದು ಹನಿ ಸೀರಮ್. ಆಮೇಲೆ ಅಯೋಡಿನ್ ಒಂದೊಂದೇ ಹನಿ ಹಾಕಿ ಕಲಕಬೇಕು. ನೀಲಿ ಹೋಗದೆ ನಿಂತ ಕ್ಷಣಕ್ಕೆ ಎಷ್ಟು ಹನಿ ಅಂತ ಎಣಿಸಬೇಕು.

ಲೆಕ್ಕದ ಪ್ರಕಾರ ತಾಜಾ 15% ಸೀರಮಿನ ಒಂದು ಹನಿಗೆ ಸುಮಾರು 21 ಹನಿ ಅಯೋಡಿನ್ ಬೇಕು. ಅಕ್ಕನಿಗೆ ಮೊದಲ ದಿನ 21 ಬಂತು. ಆರು ವಾರ ಕಳೆದ ಮೇಲೆ ಫ್ರಿಜ್ ಬಾಟಲಿಗೆ 19, ಕಪಾಟಿನ ಬಾಟಲಿಗೆ 13. ಬಿಳಿ ಹಾಳೆ ಮೇಲಿಟ್ಟಾಗ ಫ್ರಿಜ್‌ನದು ತೆಳು ಹುಲ್ಲಿನ ಬಣ್ಣ, ಕಪಾಟಿನದು ಲೈಟ್ ಚಹಾ. ಹನಿ ಸಣ್ಣದು ದೊಡ್ಡದು ಆಗುತ್ತದೆ, ಹಾಗಾಗಿ ಒಂದೆರಡು ಹನಿ ಹೆಚ್ಚುಕಮ್ಮಿ ಇದ್ದದ್ದೇ. ಸೀರಮಿನ ಬೇರೆ ಆ್ಯಂಟಿಆಕ್ಸಿಡೆಂಟ್‌ಗಳೂ ಸ್ವಲ್ಪ ಅಯೋಡಿನ್ ತಿನ್ನುತ್ತವೆ. ಆದರೆ ಒಂದೇ ಸೀರಮಿನ ಎರಡು ಬಾಟಲಿ ಹೋಲಿಸಲು ಇದು ಧಾರಾಳ. ಬಳಸಿದ ಲೋಟವನ್ನು ಮಾತ್ರ ಮತ್ತೆ ಅಡುಗೆಮನೆಗೆ ತರಬೇಡಿ.

ಈಗ ಸನ್‌ಸ್ಕ್ರೀನ್. ಇದು ಎಣ್ಣೆ ಮತ್ತು ನೀರಿನ ಸಂಸಾರ. ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ. ಪ್ರತಿ ಹನಿಯ ಸುತ್ತ ಎಮಲ್ಸಿಫೈಯರ್ ಅನ್ನುವ ಪದಾರ್ಥದ ತೆಳ್ಳನೆ ಪೊರೆ. ಜಗಳವಾಡುವ ಎರಡು ಮನೆಗಳ ನಡುವೆ ಎರಡೂ ಕಡೆ ನೆಂಟಸ್ತನ ಇರುವ ಸೋದರಮಾವ ಕೂತಿರುತ್ತಾನಲ್ಲ, ಹಾಗೆ. ಅವನು ಎದ್ದುಹೋದರೆ ಮನೆ ಎರಡು.

ಅವನನ್ನು ಚಳಿ ಎಬ್ಬಿಸುವ ರೀತಿ ನನಗೆ ಬಹಳ ಇಷ್ಟ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ನೋಡಿದ್ದೀರಿ, 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟತೊಡಗುತ್ತದೆ. ಕ್ರೀಮಿನೊಳಗಿನ ಕೊಬ್ಬಿನ ಹನಿಗೂ ಅದೇ ಗತಿ. ದುಂಡಗಿದ್ದ ಹನಿಯೊಳಗೆ ಹರಳು ಬೆಳೆಯುತ್ತದೆ. ಹರಳಿಗೆ ಮೂಲೆ ಇರುತ್ತದೆ, ಮೊನೆ ಇರುತ್ತದೆ. ಗೋಣಿಚೀಲದಲ್ಲಿ ತುಂಬಿದ ಜಾಲಿ ಮುಳ್ಳಿನ ಹಾಗೆ ಅದು ಪೊರೆ ತೂರಿ ಹೊರಗೆ ಇಣುಕಿ ಪಕ್ಕದ ಹನಿಗೆ ಚುಚ್ಚುತ್ತದೆ. ಎರಡು ಹನಿ ಅಂಟಿಕೊಳ್ಳುತ್ತವೆ. ಹೊರಗೆ ತೆಗೆದು ಬಿಸಿಯಾದಾಗ ಹರಳು ಕರಗಿ ಎರಡೂ ಒಂದಾಗುತ್ತವೆ. ಹೀಗೆ ಕೂಡುತ್ತಾ ಕೂಡುತ್ತಾ ಎಣ್ಣೆ ದೊಡ್ಡ ಗುಂಪಾಗಿ ನೀರನ್ನು ಬಿಟ್ಟುಬಿಡುತ್ತದೆ. ಕೆನೆ ಕಡೆದು ಬೆಣ್ಣೆ ತೆಗೆಯುವಾಗಲೂ ಆಗುವುದು ಇದೇ. ತಣ್ಣೀರು ಹಾಕಿ ಕಡೆದರೆ ಬೆಣ್ಣೆ ಬೇಗ ಕೂಡುತ್ತದೆ ಅಂತ ಅಜ್ಜಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಟ್ಯೂಬನ್ನು ಫ್ರಿಜ್‌ನಿಂದ ತೆಗೆದು ಮತ್ತೆ ಒಳಗಿಡುವ ಅಕ್ಕ ಗೊತ್ತಿಲ್ಲದೇ ಬೆಣ್ಣೆ ತೆಗೆಯುತ್ತಿದ್ದಳು.

ಸಾಲದ್ದಕ್ಕೆ ಟ್ಯೂಬ್ ಫ್ರಿಜ್‌ನ ಹಿಂದಿನ ಗೋಡೆಗೆ ಒರಗಿಕೊಂಡಿತ್ತು. ಅಲ್ಲಿಟ್ಟ ಸೌತೆಕಾಯಿ ಕಲ್ಲಾಗುವುದು ನಿಮಗೂ ಗೊತ್ತು. ನೀರೇ ಮಂಜುಗಟ್ಟಿದರೆ ಎಣ್ಣೆ ಹನಿಗಳಿಗೆ ಉಳಿಯುವ ಜಾಗ ಇಕ್ಕಟ್ಟಾಗುತ್ತದೆ, ಪೊರೆ ಹರಿದುಹೋಗುತ್ತದೆ. ಬರೀ 5 ಡಿಗ್ರಿಯಲ್ಲಿ ಒಳ್ಳೆಯ ಕ್ರೀಮ್‌ಗಳು ಎಷ್ಟೋ ಸಲ ಬಚಾವಾಗುತ್ತವೆ. ಹಿಂದಿನ ಗೋಡೆಗೆ ಅಂಟಿದ್ದು ಬಚಾವಾಗುವುದು ಕಷ್ಟ.

ಕುಲುಕಿ ಹಚ್ಚಿಕೊಳ್ಳಬಹುದಾ ಅಂತ ಅಕ್ಕ ಕೇಳಿದಳು. ಮಾಯಿಶ್ಚರೈಸರ್ ಆಗಿದ್ದರೆ ಹೂಂ ಅನ್ನುತ್ತಿದ್ದೆನೋ ಏನೋ. ಸನ್‌ಸ್ಕ್ರೀನಿನಲ್ಲಿ ಬಿಸಿಲು ತಡೆಯುವ ಪದಾರ್ಥಗಳಲ್ಲಿ ಕೆಲವು, ಉದಾಹರಣೆಗೆ ಅವೊಬೆನ್‌ಜೋನ್, ಮೂಲದಲ್ಲಿ ಪುಡಿ. ಅವುಗಳನ್ನು ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಎಣ್ಣೆ ಒಂದು ಕಡೆ, ನೀರು ಒಂದು ಕಡೆ ಆದರೆ ಕೆನ್ನೆಯ ಒಂದು ಭಾಗಕ್ಕೆ ರಕ್ಷಣೆ, ಇನ್ನೊಂದಕ್ಕೆ ಬರೀ ನೀರು. ಹಚ್ಚಿಕೊಂಡವರಿಗೆ ಅದು ಗೊತ್ತೂ ಆಗುವುದಿಲ್ಲ. ಕೈಯಲ್ಲಿ ಕುಲುಕಿದರೆ ಕಾರ್ಖಾನೆಯ ಮಿಕ್ಸರ್ ಮಾಡಿದಷ್ಟು ಸಣ್ಣ ಹನಿ ಬರುವುದಿಲ್ಲ.

ಕರಗಿದ್ದು ಹರಳಾಗುವ ತೊಂದರೆ ಕೆಲವು ಸೀರಮ್‌ಗಳಿಗೂ ಇದೆ. ಸ್ಯಾಲಿಸಿಲಿಕ್ ಆಸಿಡ್ ನೀರಿನಲ್ಲಿ ಬಹಳ ಕಮ್ಮಿ ಕರಗುತ್ತದೆ. ಕೆಫೀನ್ ಅಷ್ಟು ಕಷ್ಟದ್ದಲ್ಲ, ಆದರೆ ನೀರು ತಣ್ಣಗಾದಂತೆ ಅದು ಕರಗುವ ಪ್ರಮಾಣ ಜೋರಾಗಿ ಇಳಿಯುತ್ತದೆ. ಚಳಿಯಲ್ಲಿ ಜೇನುತುಪ್ಪ ಸಕ್ಕರೆಗಟ್ಟಿದ ಹಾಗೆ ಇವೂ ತಳದಲ್ಲಿ ಕೂರಬಹುದು. ಕಣ್ಣಿನ ಕೆಳಗಿನ ಊತಕ್ಕೆ ಹಚ್ಚುವ ಕೆಫೀನ್ ಸೀರಮನ್ನೇ ಎಲ್ಲರೂ ಮೊದಲು ಫ್ರಿಜ್‌ಗೆ ಇಡುವುದು! ಊತ ಇಳಿಸುವ ಕೆಲಸ ತಣ್ಣನೆ ಚಮಚವೂ ಮಾಡುತ್ತದೆ, ರಕ್ತನಾಳ ಸ್ವಲ್ಪ ಹೊತ್ತು ಬಿಗಿಯಾಗುತ್ತದೆ, ಅಷ್ಟೇ.

ತರಿತರಿ ಕಂಡರೆ ಬೆರಳಲ್ಲಿ ಉಜ್ಜಿ ನೋಡಿ. ಮೈ ಬಿಸಿಗೆ ಕರಗಿದರೆ ಅದು ಕೊಬ್ಬು. ಸಣ್ಣ ರವೆಯ ಹಾಗೆ ಹಾಗೇ ಉಳಿದರೆ ಹರಳು. ಸೀರಮಿನಲ್ಲಿ ಹರಳಾಗಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ. ತಿಳಿಯಾದರೆ ಸರಿ, ಆಗದಿದ್ದರೆ ಬಿಡಿ.

"ಆದ್ರ ಡಬ್ಬಿ ಮ್ಯಾಲೆ ತಂಪು ಜಾಗದಾಗ ಇಡ್ರಿ ಅಂತ ಬರದಾರಲ್ಲ" ಅಂತ ಅಕ್ಕನ ಕೊನೆಯ ವಾದ. ತಂಪು ಅಂದರೆ ಫ್ರಿಜ್ ಅಲ್ಲ. ಔಷಧಗಳ ಗುಣಮಟ್ಟ ಹೇಳುವ ಇಂಡಿಯನ್ ಫಾರ್ಮಕೋಪಿಯಾದಲ್ಲಿ ತಂಪು ಅಂದರೆ 8ರಿಂದ 25 ಡಿಗ್ರಿ. ಫ್ರಿಜ್‌ನ 2ರಿಂದ 8 ಡಿಗ್ರಿಗೆ ಅಲ್ಲಿ ಬೇರೆ ಪದವೇ ಇದೆ. ಕಲಬುರಗಿಯ ಬೇಸಿಗೆಯಲ್ಲಿ 25 ಡಿಗ್ರಿ ಎಲ್ಲಿಂದ ತರುವುದು, ನಿಜ. ಆದರೆ ಕ್ರೀಮ್‌ಗಳನ್ನು ತಯಾರಕರು ಸಾಮಾನ್ಯವಾಗಿ 40 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಟ್ಟು ನೋಡಿರುತ್ತಾರೆ. ಬಿಸಿಲು ಬೀಳದ ಒಳಗೋಡೆಯ ಕಪಾಟಿನ ಕೆಳಗಿನ ಅರೆ ಸನ್‌ಸ್ಕ್ರೀನಿಗೆ ಸಾಕು. ಸ್ಕೂಟರಿನ ಡಿಕ್ಕಿ ಬೇಡ.

ಆ ಗುಲಾಬಿ ಫ್ರಿಜ್ ಕೊಳ್ಳಲಾ ಅಂತಲೂ ಕೇಳಿದಳು. ಅಂಥವುಗಳಲ್ಲಿ ಹೆಚ್ಚಿನವಕ್ಕೆ ಕಂಪ್ರೆಸರ್ ಇರುವುದಿಲ್ಲ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಕಂಡುಹಿಡಿದ ವಿದ್ಯೆ ಅದು: ಎರಡು ಬೇರೆ ಲೋಹಗಳ ಬೆಸುಗೆಯಲ್ಲಿ ಕರೆಂಟು ಹರಿದರೆ ಒಂದು ಕಡೆ ತಣ್ಣಗಾಗುತ್ತದೆ. ಕೋಣೆಗಿಂತ 15–20 ಡಿಗ್ರಿ ಕಮ್ಮಿ ಮಾಡಲಷ್ಟೇ ಅದಕ್ಕೆ ಸಾಧ್ಯ. ಹೊರಗೆ 40 ಇದ್ದರೆ ಒಳಗೆ 20–25. ವಿಚಿತ್ರ ನೋಡಿ, ಫಾರ್ಮಕೋಪಿಯಾ ಹೇಳುವ "ತಂಪು" ಅದೇ. ಕ್ರೀಮ್‌ಗೂ ತೊಂದರೆಯಿಲ್ಲ. ಆದರೆ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕೋಣೆಯ ಬಿಸಿಗೇ ಬರುತ್ತದೆ.

ಮನೆಯಲ್ಲೇ ತೆಗೆದ ಲೋಳೆಸರದ ತಿರುಳು ಅಕ್ಕನ ಫ್ರಿಜ್‌ನಲ್ಲಿ ಇನ್ನೂ ಇದೆ. ಅದರಲ್ಲಿ ಪ್ರಿಸರ್ವೇಟಿವ್ ಇಲ್ಲ, ಅದಕ್ಕೆ ಫ್ರಿಜ್ಜೇ ಬೇಕು, ಅದೂ ಮೂರ್ನಾಲ್ಕು ದಿನ. ತಣ್ಣಗಿದ್ದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ತೂಕಡಿಸುತ್ತದೆ. ಕೆಲವು ತೂಕಡಿಸುವುದೂ ಇಲ್ಲ.

ವಿಟಮಿನ್ ಸಿ ಬಾಟಲಿ ಈಗ ನಡುವಿನ ಅರೆಯಲ್ಲಿ, ಹಿಂದಿನ ಗೋಡೆಯಿಂದ ದೂರ, ಒಂದು ಸ್ಟೀಲ್ ಡಬ್ಬಿಯೊಳಗೆ ಕೂತಿದೆ. ಡಬ್ಬಿ ಮೇಲೆ "ಔಷಧಿ, ಮುಟ್ಟಬೇಡಿ" ಅಂತ ಚೀಟಿ, ಯಾಕೆಂದರೆ ಅಕ್ಕನ ಮಗ ಅದನ್ನು ನಿಂಬೆ ಶರಬತ್ತು ಅಂದುಕೊಂಡಿದ್ದ. ಒಡೆದ ಸನ್‌ಸ್ಕ್ರೀನ್ ಭಾವನ ಒಡೆದ ಹಿಮ್ಮಡಿಗೆ ಹೋಗುತ್ತಿದೆ.