ಪ್ರೆಸ್ಸಿಗೆ ಬೆರಳು ಸಿಕ್ಕಾಗ ಇನ್‌ಸ್ಪೆಕ್ಟರಿಗೆ ಏನು ಬರೆಯಬೇಕು

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ತಗಡು ಒತ್ತುವ ಪವರ್ ಪ್ರೆಸ್‌ಗಳಿರುವ ಶೆಡ್ಡುಗಳು ಬೇಕಾದಷ್ಟಿವೆ. ಅಲ್ಲಿ ಕನ್ನಡ ಮಾತಾಡುವ ಆಪರೇಟರ್‌ಗಳೂ ಸೂಪರ್‌ವೈಸರ್‌ಗಳೂ ಇದ್ದಾರೆ. ಪ್ರೆಸ್ಸಿಗೆ ಬೆರಳು ಸಿಕ್ಕಿದರೆ ಮೊದಲ ಕೆಲಸ ಆಸ್ಪತ್ರೆ. ಅದರ ಬೆನ್ನಲ್ಲೇ ತಮಿಳುನಾಡಿನ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯದ ಇನ್‌ಸ್ಪೆಕ್ಟರಿಗೆ ತಿಳಿಸಬೇಕು. ಸಾವಾದರೆ ಅಥವಾ ಗಾಯಗೊಂಡವರು 48 ಗಂಟೆ ಇಲ್ಲವೇ ಅದಕ್ಕೂ ಜಾಸ್ತಿ ಹೊತ್ತು ಕೆಲಸ ಮಾಡಲಾಗದಿದ್ದರೆ ತಿಳಿಸಲೇಬೇಕು. ಇದು 1948ರ ಕಾರ್ಖಾನೆ ಕಾಯ್ದೆಯ 88ನೇ ಸೆಕ್ಷನ್ನಿನಲ್ಲಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅದೇ 48 ಗಂಟೆಯನ್ನು ಹೇಳುತ್ತದೆ. ಬೆರಳು ತುಂಡಾದಾಗ 48 ಗಂಟೆ ಕಾದು ನೋಡುವುದೇನೂ ಇಲ್ಲ. ಕೂಡಲೇ ಫೋನ್ ಮಾಡಬೇಕು, ಆಮೇಲೆ ನಿಗದಿತ ನಮೂನೆ ತುಂಬಿ ಕಳಿಸಬೇಕು.

ಆ ನಮೂನೆಯಲ್ಲಿ ಹೆಸರು, ವಯಸ್ಸು, ಕೆಲಸ, ಗಾಯ, ಸಾಕ್ಷಿಗಳು ಎಲ್ಲ ಸುಲಭ. ತಪ್ಪಾಗುವುದು ‘ಅಪಘಾತ ಹೇಗಾಯಿತು’ ಎಂಬ ಕಡೆ. ಅಲ್ಲಿ ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ಕಾರ್ಮಿಕನ ಅಜಾಗರೂಕತೆಯಿಂದ ಕೈ ಪ್ರೆಸ್ಸಿಗೆ ಸಿಕ್ಕಿತು. ಸಂಸ್ಥೆ ಎಲ್ಲ ಸುರಕ್ಷತಾ ಕ್ರಮ ಕೈಗೊಂಡಿತ್ತು.’ ಇದರಲ್ಲಿ ಇನ್‌ಸ್ಪೆಕ್ಟರಿಗೆ ಉಪಯೋಗವಾಗುವ ಸಂಗತಿ ಒಂದೂ ಇಲ್ಲ. ಎರಡೂ ಬರೆದವರ ತೀರ್ಪು. ತನಿಖೆ ಶುರುವಾಗುವ ಮೊದಲೇ ತೀರ್ಪು ಕೊಟ್ಟಂತಾಯಿತು, ಅದೂ ಆಸ್ಪತ್ರೆಯಲ್ಲಿ ಮಲಗಿರುವವನ ವಿರುದ್ಧ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ರ‍್ಯಾಮ್ ಎಂಬ ಒತ್ತುವ ಭಾಗ ಡೈ ಎಂಬ ಅಚ್ಚಿನ ಮೇಲೆ ಇಳಿಯುವ, ಕೈ ತೆಗೆದರೆ ನಿಲ್ಲುವ ಪ್ರೆಸ್ ಅದು. ರಾತ್ರಿ ಪಾಳಿ. ಮ್ಯಾನೇಜರ್ ಹೀಗೆ ಬರೆಯಬಹುದು: ‘ಆಪರೇಟರ್ ರಾತ್ರಿ 10ಕ್ಕೆ ಕೆಲಸ ಶುರು ಮಾಡಿದ್ದರು. 2.40ಕ್ಕೆ ಪ್ರೆಸ್ಸಿನ ರ‍್ಯಾಮ್ ಇಳಿಯುತ್ತಿದ್ದಾಗ ಬಲಗೈ ಬಟನ್ನಿನಿಂದ ತೆಗೆದು, ಓರೆಯಾಗಿದ್ದ ತಗಡನ್ನು ಸರಿಮಾಡಲು ಡೈ ಕಡೆ ಚಾಚಿದರು ಎಂದು ಪಕ್ಕದ ಪ್ರೆಸ್ಸಿನವರು ಹೇಳಿದ್ದಾರೆ. ಬಲಗೈಯ ಎರಡು ಬೆರಳ ತುದಿ ತುಂಡಾಗಿದೆ. ಬಟನ್ನಿನಿಂದ ಡೈ ಅಂಚಿಗೆ 60 ಸೆಂ.ಮೀ. ಇದೆ. ಮುಂದುಗಡೆ ಗಾರ್ಡ್ ಇರಲಿಲ್ಲ. ರ‍್ಯಾಮ್ ಯಾಕೆ ನಿಲ್ಲಲಿಲ್ಲ ಎಂಬುದು ಇನ್ನೂ ಗೊತ್ತಾಗಿಲ್ಲ.’

ಆ 60 ಸೆಂ.ಮೀ. ಅಳತೆ ಯಾಕೆ ಬೇಕು? ಇಂಥ ಬಟನ್ ಎಷ್ಟು ದೂರ ಇಡಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಂದು ಲೆಕ್ಕವಿದೆ. ಚಾಚುವ ಕೈ ಸೆಕೆಂಡಿಗೆ 1.6 ಮೀಟರ್ ಹೋಗುತ್ತದೆ ಎಂದಿಟ್ಟುಕೊಂಡು, ಬಟನ್ ಬಿಟ್ಟ ಮೇಲೆ ರ‍್ಯಾಮ್ ನಿಲ್ಲಲು ಹಿಡಿಯುವ ಸಮಯದಿಂದ ಗುಣಿಸುತ್ತಾರೆ. ಬಂದದ್ದಕ್ಕೆ ಸಾಮಾನ್ಯವಾಗಿ 25 ಸೆಂ.ಮೀ. ಸೇರಿಸುತ್ತಾರೆ. ರ‍್ಯಾಮ್ 0.2 ಸೆಕೆಂಡಿನಲ್ಲಿ ನಿಂತರೆ 32ಕ್ಕೆ 25 ಸೇರಿ 57 ಸೆಂ.ಮೀ. ಆಯಿತು. ಬಟನ್ 60ರಲ್ಲಿರುವುದರಿಂದ ಸರಿಯಾಗಿದೆ. ಆದರೆ ಬ್ರೇಕ್ ಲೈನಿಂಗ್ ಸವೆದು 0.35 ಸೆಕೆಂಡ್ ಹಿಡಿಯುತ್ತಿದ್ದರೆ? 56ಕ್ಕೆ 25 ಸೇರಿ 81 ಬೇಕು. ಅಂದರೆ ಅದೇ ಬಟನ್, ಅದೇ ಆಪರೇಟರ್, ಆದರೂ ರ‍್ಯಾಮ್ ನಿಲ್ಲುವ ಮೊದಲೇ ಕೈ ಡೈಗೆ ತಲುಪಬಹುದು. ಸವೆತ ಕಣ್ಣಿಗೆ ಕಾಣುವುದಿಲ್ಲ. ಒಂದು ಸೆಕೆಂಡಿನ ಏಳನೇ ಒಂದು ಭಾಗದಷ್ಟು ತಡವಾಗುತ್ತಿದೆ ಎಂದು ದಿನಾ ಓಡಿಸುವವನಿಗೂ ತಿಳಿಯುವುದಿಲ್ಲ. ‘ಅಜಾಗರೂಕತೆ’ ಎಂದು ಬರೆದಿದ್ದರೆ ಆ ಬ್ರೇಕನ್ನು ಯಾರು ಬಿಚ್ಚಿ ನೋಡುತ್ತಿದ್ದರು?

ಹಾಗಾಗಿ ಬೆಳಗಾಗುವಷ್ಟರಲ್ಲಿ ಫಿಟ್ಟರ್ ಕೈಲಿ ಬ್ರೇಕ್ ಬಿಗಿ ಮಾಡಿಸಿಬಿಡಬಾರದು. ಮಾಡಿಸಿದರೆ ಅಪಘಾತದ ಹೊತ್ತಿನ ನಿಲುಗಡೆ ಸಮಯವನ್ನು ಇನ್ನು ಯಾರೂ ಅಳೆಯಲಾಗುವುದಿಲ್ಲ. ಮೆಯಿನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಡೈಯನ್ನೂ ತಗಡನ್ನೂ ಇದ್ದ ಹಾಗೇ ಬಿಟ್ಟು, ಹಾಗೆ ಬಿಟ್ಟಿದ್ದೇವೆ ಎಂದು ಪತ್ರದಲ್ಲೇ ಒಂದು ಸಾಲು ಬರೆಯಬೇಕು. ಗಾಯಾಳುವನ್ನು ಬಿಡಿಸಲು ಏನಾದರೂ ಕದಲಿಸಿದ್ದರೆ, ಏನನ್ನು ಎಂಬುದನ್ನೂ ಹೇಳಬೇಕು.

ಧಾಟಿ ಹೇಗಿರಬೇಕು ಎಂಬುದಕ್ಕೆ ಉತ್ತರ ಮೇಲಿನ ಉದಾಹರಣೆಯಲ್ಲೇ ಇದೆ. ಯಾರು ಕಂಡದ್ದು, ಯಾರು ಅಳೆದದ್ದು, ಯಾವುದು ಇನ್ನೂ ಗೊತ್ತಿಲ್ಲ ಎಂಬುದು ಬೇರೆ ಬೇರೆಯಾಗಿ ಕಾಣಬೇಕು. ‘ದುರದೃಷ್ಟವಶಾತ್’, ‘ವಿಷಾದದಿಂದ’ ಇವೆಲ್ಲ ಬೇಡ. ಆ ವಿಷಾದವನ್ನು ಮನೆಯವರ ಹತ್ತಿರ ಹೋಗಿ ಹೇಳಬೇಕು. ಗಾರ್ಡ್ ಇರಲಿಲ್ಲ ಎಂದರೆ ಇರಲಿಲ್ಲ ಎಂದೇ ಬರೆಯಬೇಕು. ಇನ್‌ಸ್ಪೆಕ್ಟರ್ ಬಂದು ನೋಡಿದಾಗ ಹೇಗೂ ಕಾಣುತ್ತದೆ ಅಲ್ವಾ? ಸಾಕ್ಷಿ ಕನ್ನಡದವನಾದರೆ ಅವನು ಹೇಳಿದ್ದನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿ, ಅನುವಾದದ ಜೊತೆ ಇಡುವುದು ಒಳ್ಳೆಯದು.

ಪತ್ರ ಕಳಿಸಿದ ಮೇಲೆ ವಿಷಯ ಬದಲಾದರೆ, ಉದಾಹರಣೆಗೆ ಎರಡಲ್ಲ, ಮೂರು ಬೆರಳು ಎಂದು ಡಾಕ್ಟರ್ ಹೇಳಿದರೆ, ಮೊದಲ ಪತ್ರ ಯಾವ ತಾರೀಖಿನದು ಎಂದು ಹೇಳಿ ಇನ್ನೊಂದು ಪತ್ರ ಬರೆಯಬೇಕು. ಗಾಯಾಳು ಕೆಲವು ದಿನಗಳ ನಂತರ ತೀರಿಕೊಂಡರೂ ಅಷ್ಟೇ, ಮತ್ತೆ ತಿಳಿಸಬೇಕು. ಯಾಕೆಂದರೆ ಸಾವಿನ ಸೂಚನೆ ತಲುಪಿದ ಮೇಲೆ ನಿಗದಿತ ಅವಧಿಯೊಳಗೆ ವಿಚಾರಣೆ ನಡೆಸಬೇಕು ಎಂದು ಕಾನೂನು ಹೇಳುತ್ತದೆ.