ಒಂದೇ ಪುಟ ಓದಿ ಡೈರೆಕ್ಟರ್ ತೀರ್ಮಾನ ಹೇಳಬೇಕು: ಸಮ್ಮರಿ ಸ್ಲೈಡ್ ಬರೆಯುವ ಬಗೆ

ಎಕ್ಸಿಕ್ಯೂಟಿವ್ ಸಮ್ಮರಿ ಅಂದ್ರೆ ಉಳಿದ ಮೂವತ್ತು ಸ್ಲೈಡನ್ನು ಹಿಂಡಿ ಒಂದರಲ್ಲಿ ತುಂಬುವುದು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗೆ ತುಂಬಿದ ಒಂದು ಸ್ಲೈಡನ್ನು ಮೀಟಿಂಗ್‌ನಲ್ಲಿ ಇಟ್ಟೆ. ಡೈರೆಕ್ಟರ್ ಪೂರ್ತಿ ಓದಿದರು. "ಎಲ್ಲಾ ಸರಿ, ಈಗ ನಾನೇನು ಮಾಡಬೇಕು ಹೇಳಿ" ಅಂದರು. ಉತ್ತರ ನನ್ನ ಹತ್ತಿರ ಇತ್ತು. ಅದು 27ನೇ ಸ್ಲೈಡ್‌ನಲ್ಲಿ ಕೂತಿತ್ತು.

ಆ ಪ್ರಶ್ನೆಯಿಂದಲೇ ಶುರು ಮಾಡೋಣ. ಈ ಪುಟ ಓದಿದವರು ಮೂರರಲ್ಲಿ ಒಂದು ಮಾತು ಹೇಳುವಂತಿರಬೇಕು: "ಹೂಂ, ಮಾಡಿ", "ಬೇಡ", ಅಥವಾ "ಈ ಒಂದು ವಿಷಯ ತಿಳಿದುಕೊಂಡು ಬನ್ನಿ". "ಚೆನ್ನಾಗಿದೆ, ಮುಂದಿನ ವಾರ ಮಾತಾಡೋಣ" ಅಂದರೆ ಸ್ಲೈಡ್ ಕೆಲಸ ಮಾಡಿಲ್ಲ ಅಂತಲೇ ಅರ್ಥ. ಇದೊಂದು ಒಪ್ಪಿಗೆ ಪತ್ರ ಅಂದುಕೊಂಡು ಬರೆಯಿರಿ. ಏನನ್ನು ಉಳಿಸಬೇಕು, ಏನನ್ನು ತೆಗೆಯಬೇಕು ಅನ್ನುವುದು ಆಗ ಸುಲಭವಾಗಿ ಗೊತ್ತಾಗುತ್ತದೆ.

ಒಂದು ಉದಾಹರಣೆ ಹಿಡಿದು ನೋಡೋಣ. ಲೆಕ್ಕ ತೋರಿಸಲು ನಾನೇ ಕಟ್ಟಿದ ಕೇಸ್ ಇದು. ಒಂದು ಗೋದಾಮು, 12 ಪ್ಯಾಕಿಂಗ್ ಟೇಬಲ್. ತಿಂಗಳಿಗೆ 20,000 ಆರ್ಡರ್ ಹೋಗುತ್ತವೆ. ಅದರಲ್ಲಿ ನೂರಕ್ಕೆ 2.5ರಷ್ಟು, ಅಂದರೆ 500 ಆರ್ಡರ್‌ನಲ್ಲಿ ತಪ್ಪು ಸಾಮಾನು ಹೋಗುತ್ತದೆ. ವಾಪಸ್ ತರಿಸಿ, ಸರಿಯಾದದ್ದನ್ನು ಮತ್ತೆ ಕಳಿಸಲು ಪ್ರತಿ ತಪ್ಪಿಗೆ 400 ಖರ್ಚು. ತಿಂಗಳಿಗೆ 2 ಲಕ್ಷ ಹೀಗೆ ಸುಮ್ನೆ ಹೋಗುತ್ತಿದೆ. ಟೇಬಲ್‌ಗೊಂದು ಬಾರ್‌ಕೋಡ್ ಸ್ಕ್ಯಾನರ್ ಇಡೋಣ, ಅದಕ್ಕೆ 9 ಲಕ್ಷ ಬೇಕು ಅಂತ ನಮ್ಮ ಟೀಮ್ ಹೇಳುತ್ತಿದೆ.

ಮೊದಲ ಡ್ರಾಫ್ಟ್ ಸಾಮಾನ್ಯವಾಗಿ ಹೀಗಿರುತ್ತದೆ:

> ಕಾರ್ಯನಿರ್ವಾಹಕ ಸಾರಾಂಶ
> ಆರ್ಡರ್ ಗುಣಮಟ್ಟದ ಬಗ್ಗೆ ವಿವರವಾದ ಅಧ್ಯಯನ ಮಾಡಲಾಗಿದೆ. ಪ್ಯಾಕಿಂಗ್ ಹಂತದಲ್ಲಿ ಹಲವು ಸವಾಲುಗಳಿವೆ. 3 ಟೇಬಲ್‌ಗಳಲ್ಲಿ ಪೈಲಟ್ ನಡೆಸಲಾಗಿದ್ದು ಉತ್ತಮ ಫಲಿತಾಂಶ ಕಂಡುಬಂದಿದೆ. ವಿವಿಧ ಆಯ್ಕೆಗಳನ್ನು ಪರಿಶೀಲಿಸಲಾಗಿದೆ. ಸ್ಕ್ಯಾನರ್ ಅಳವಡಿಕೆಯನ್ನು ಪರಿಗಣಿಸಬಹುದು.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೆಚ್ಚಿನ ವಾಕ್ಯಗಳು ನಾವು ಪಟ್ಟ ಶ್ರಮದ ಬಗ್ಗೆಯೇ ಇವೆ, ಅಲ್ವಾ? ಅಧ್ಯಯನ ಮಾಡಿದೆವು, ಪೈಲಟ್ ನಡೆಸಿದೆವು, ಪರಿಶೀಲಿಸಿದೆವು. ಓದುವವರಿಗೆ ಬೇಕಾದದ್ದು ಎಷ್ಟು ದುಡ್ಡು, ಯಾವಾಗ, ಏನು ಸಿಗುತ್ತದೆ, ಎಲ್ಲಿ ಎಡವಬಹುದು. ಅದರಲ್ಲಿ ಒಂದೂ ಇಲ್ಲ. "ಪರಿಗಣಿಸಬಹುದು" ಅನ್ನುವ ಪದ ನನಗಂತೂ ಅಲರ್ಜಿ. ಬೇಕು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ, ಭಾರವನ್ನು ಮೆಲ್ಲಗೆ ಓದುವವರ ತಲೆ ಮೇಲೆ ಇಟ್ಟುಬಿಡುತ್ತದೆ.

ಈಗ ಟೈಟಲ್‌ಗೆ ಬನ್ನಿ. "ಸಾರಾಂಶ" ಅನ್ನುವುದು ಪುಟದ ಹೆಸರು, ವಿಷಯ ಏನೂ ಹೇಳಲಿಲ್ಲ. ಟೈಟಲ್ ಜಾಗದಲ್ಲಿ ಪೂರ್ತಿ ವಾಕ್ಯ ಬರಲಿ, ಕೇಳುವುದನ್ನು ಅಲ್ಲೇ ಕೇಳಿಬಿಡಿ. ಎರಡು ಸಾಲು ಆದರೂ ತೊಂದರೆಯಿಲ್ಲ, ಮೂರು ಬೇಡ. ಉಳಿದದ್ದೆಲ್ಲ ಆ ವಾಕ್ಯ ಓದಿದ ತಕ್ಷಣ ಏಳುವ ಪ್ರಶ್ನೆಗಳಿಗೆ, ಏಳುವ ಕ್ರಮದಲ್ಲೇ ಉತ್ತರ ಆಗಿರಬೇಕು. 9 ಲಕ್ಷ ಕೇಳಿದರೆ ಮೊದಲು ಏಳುವುದು "ಯಾಕೆ?". ಆಮೇಲೆ "ಹೌದು ಅಂತ ಹೇಗೆ ಗೊತ್ತು?". ಆಮೇಲೆ "ಇದಕ್ಕಿಂತ ಅಗ್ಗದ ದಾರಿ ಇಲ್ವಾ?". ಕೊನೆಗೆ "ತಪ್ಪಾದರೆ?".

ತಿದ್ದಿದ ಸ್ಲೈಡ್ ಇದು:

> ಸೆಪ್ಟೆಂಬರ್ 25ರೊಳಗೆ 9 ಲಕ್ಷಕ್ಕೆ ಒಪ್ಪಿಗೆ ಬೇಕು: 12 ಟೇಬಲ್‌ಗೂ ಸ್ಕ್ಯಾನರ್ ಇಟ್ಟರೆ ತಪ್ಪು ಆರ್ಡರ್ ತಿಂಗಳಿಗೆ 500ರಿಂದ ಸುಮಾರು 140ಕ್ಕೆ ಇಳಿಯುತ್ತದೆ
>
> ಯಾಕೆ: ತಪ್ಪು ಆರ್ಡರ್‌ಗೆ ಈಗ ತಿಂಗಳಿಗೆ 2 ಲಕ್ಷ ಹೋಗುತ್ತಿದೆ. ಸ್ಕ್ಯಾನರ್ ಬಂದರೆ, ನಿರ್ವಹಣೆಯ ಖರ್ಚು ಕಳೆದು 1.2 ಲಕ್ಷ ಉಳಿಯುತ್ತದೆ. ಹಾಕಿದ ದುಡ್ಡು 7.5 ತಿಂಗಳಲ್ಲಿ ವಾಪಸ್.
>
> ಆಧಾರ: 3 ಟೇಬಲ್, 6 ವಾರದ ಪೈಲಟ್. ತಪ್ಪು 2.5%ರಿಂದ 0.7%ಗೆ ಇಳಿಯಿತು.
>
> ಬೇರೆ ದಾರಿ: ಎರಡನೇ ಸಲ ಚೆಕ್ ಮಾಡಲು ಜನ ಹಾಕಿದರೆ ತಿಂಗಳಿಗೆ 1.1 ಲಕ್ಷ ಖರ್ಚು, ಉಳಿತಾಯ 88 ಸಾವಿರ ಮಾತ್ರ.
>
> ಅಪಾಯ: ಪೈಲಟ್ ಟೇಬಲ್‌ಗಳಲ್ಲಿ ಇದ್ದವರು ಅನುಭವಿಗಳು. ಅರ್ಧ ಫಲ ಸಿಕ್ಕರೂ ದುಡ್ಡು 19 ತಿಂಗಳಲ್ಲಿ ವಾಪಸ್.
>
> ದಿನಾಂಕ ಯಾಕೆ: ಅಳವಡಿಸಲು 5 ವಾರ ಬೇಕು. ನವೆಂಬರ್ 1ರಿಂದ ಆರ್ಡರ್ ಜಾಸ್ತಿ, ಆಗ ಟೇಬಲ್ ನಿಲ್ಲಿಸಲು ಆಗುವುದಿಲ್ಲ.

ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ. ತಪ್ಪು 500ರಿಂದ 140ಕ್ಕೆ ಇಳಿದರೆ ಕಡಿಮೆಯಾದದ್ದು 360. ಅದನ್ನು 400ರಿಂದ ಗುಣಿಸಿದರೆ 1,44,000. ಸಾಫ್ಟ್‌ವೇರ್, ರಿಪೇರಿಗೆ ತಿಂಗಳಿಗೆ 24,000 ಕಳೆಯಿರಿ, 1,20,000 ಉಳಿಯುತ್ತದೆ. 9 ಲಕ್ಷವನ್ನು ಇದರಿಂದ ಭಾಗಿಸಿದರೆ 7.5 ತಿಂಗಳು. ಈ 24,000 ಕಳೆಯುವುದನ್ನು ಮರೆಯುವವರು ಬಹಳ. ಮರೆತರೆ 6.25 ತಿಂಗಳು ಅಂತ ಬರುತ್ತದೆ, ನೋಡಲು ಚಂದ. ಆದರೆ ಫೈನಾನ್ಸ್‌ನವರು ಅದನ್ನು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ. ಒಂದು ಅಂಕಿ ಸಡಿಲ ಅಂತ ಗೊತ್ತಾದ ಮೇಲೆ ಪುಟದ ಉಳಿದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ.

ಅಪಾಯದ ಸಾಲಿನ ಹತ್ತಿರ ಸ್ವಲ್ಪ ನಿಲ್ಲೋಣ. ಇಡೀ ಸ್ಲೈಡ್‌ನಲ್ಲಿ ಬರೆಯಲು ಅತಿ ಕಷ್ಟದ ಸಾಲು ಅದೇ. "ಸಿಬ್ಬಂದಿಗೆ ಹೊಂದಿಕೊಳ್ಳಲು ಸಮಯ ಬೇಕಾಗಬಹುದು" ಅನ್ನುವಂಥದ್ದನ್ನು ಯಾವ ಸ್ಲೈಡ್‌ಗೂ ಅಂಟಿಸಬಹುದು, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮ ಲೆಕ್ಕ ಯಾವ ಒಂದು ಊಹೆಯ ಮೇಲೆ ನಿಂತಿದೆ ಅಂತ ಹುಡುಕಬೇಕು. ಇಲ್ಲಿ ಅದು ಪೈಲಟ್‌ನ ಫಲ 12 ಟೇಬಲ್‌ಗೂ ಹಾಗೇ ಬರುತ್ತದೆ ಅನ್ನುವುದು. ಅನುಭವಿಗಳ ಟೇಬಲ್‌ನಲ್ಲಿ ಬಂದ ಫಲ ಹೊಸಬರ ಟೇಬಲ್‌ನಲ್ಲೂ ಬರುತ್ತದೆ ಅನ್ನುವುದಕ್ಕೆ ಖಾತ್ರಿ ಇಲ್ಲ. ಹಾಗಾಗಿ ಆ ಊಹೆಯನ್ನೇ ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿದೆ: 180 ತಪ್ಪು ಕಡಿಮೆಯಾದರೆ 72,000, ಅದರಲ್ಲಿ 24,000 ಕಳೆದರೆ 48,000. 9 ಲಕ್ಷಕ್ಕೆ ಸುಮಾರು 19 ತಿಂಗಳು.

ಇಲ್ಲೊಂದು ಗಮನಿಸಿ. ಫಲ ಅರ್ಧವಾದರೆ ಸಮಯ ಎರಡು ಪಟ್ಟು, ಅಂದರೆ 15 ತಿಂಗಳು ಆಗಬೇಕಲ್ವಾ ಅನ್ನಿಸುತ್ತದೆ. ಆದರೆ ಫಲ ಕಡಿಮೆಯಾದರೂ 24,000ದ ನಿರ್ವಹಣೆ ಖರ್ಚು ಕಡಿಮೆಯಾಗುವುದಿಲ್ಲ. ಅದಕ್ಕೇ 19ಕ್ಕೆ ಹೋಯಿತು. ತಲೆಯಲ್ಲೇ ಅಂದಾಜು ಮಾಡಿ ಬರೆದರೆ ಇಂಥಲ್ಲೇ ಸಿಕ್ಕಿಬೀಳುತ್ತೇವೆ.

ಈ 19 ತಿಂಗಳು ಒಳ್ಳೆಯದೋ ಕೆಟ್ಟದ್ದೋ ಅಂತ ನಾವು ಹೇಳುವುದು ಬೇಡ. ಸ್ಕ್ಯಾನರ್ ನಾಲ್ಕು ವರ್ಷ ಬಾಳುತ್ತದೆ ಅಂದರೆ ಡೈರೆಕ್ಟರ್‌ಗೆ ಅದು ನಡೆಯಬಹುದು. ಬೇರೆ ಕಡೆ ದುಡ್ಡು ಬೇಕಾಗಿದ್ದರೆ "ಮೊದಲು ಹೊಸಬರ ಮೂರು ಟೇಬಲ್‌ನಲ್ಲಿ ಹಾಕಿ ತೋರಿಸಿ" ಅನ್ನಬಹುದು. ಅದೂ ತೀರ್ಮಾನವೇ. ಕೆಟ್ಟ ಸಂದರ್ಭದ ಅಂಕಿ ಪುಟದಲ್ಲೇ ಇದ್ದದ್ದರಿಂದ ಅವರು ಅದನ್ನು ಅಲ್ಲೇ ಹೇಳಲು ಆಯಿತು.

ಬೇರೆ ದಾರಿಯ ಸಾಲಿನಲ್ಲಿ ಒಂದು ಕಳ್ಳಾಟ ನಡೆಯುತ್ತದೆ. ಯಾರೂ ಒಪ್ಪದ ದಡ್ಡ ಆಯ್ಕೆಯೊಂದನ್ನು ಪಕ್ಕದಲ್ಲಿ ಇಟ್ಟು ನಮ್ಮದನ್ನು ಗೆಲ್ಲಿಸುವುದು. ಓದುವವರು ವರ್ಷಗಟ್ಟಲೆ ಇಂಥವನ್ನು ನೋಡಿರುತ್ತಾರೆ. ಅವರ ಮನಸ್ಸಿಗೆ ತಾನಾಗಿ ಬರುವ ದಾರಿಯನ್ನೇ ಹಾಕಿ. ಇಲ್ಲಿ ಅದು ಇನ್ನೊಬ್ಬರಿಂದ ಚೆಕ್ ಮಾಡಿಸುವುದು. ತಪ್ಪು 1.4%ಗೆ ಇಳಿಯುತ್ತದೆ ಅಂತ ಅಂದಾಜು, ಅಂದರೆ 220 ತಪ್ಪು ಕಡಿಮೆ, 88,000 ಉಳಿತಾಯ. ಜನರಿಗೆ 1.1 ಲಕ್ಷ. ಮೊದಲ ದಿನ ದುಡ್ಡು ಹಾಕಬೇಕಿಲ್ಲ ಅನ್ನುವುದು ನಿಜ, ಆದರೆ ಪ್ರತಿ ತಿಂಗಳೂ ನಷ್ಟ. ಎರಡು ಅಂಕಿ ಅಕ್ಕಪಕ್ಕ ಇಟ್ಟರೆ ಸಾಕು, ವಾದ ಮಾಡುವುದೇ ಬೇಡ.

ತೆಗೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಾಜೆಕ್ಟ್‌ನ ಹಿನ್ನೆಲೆ, ಟೀಮ್‌ನವರ ಹೆಸರು, ಮೂರು ಕಂಪನಿಗಳ ಕೊಟೇಶನ್ ಹೋಲಿಕೆ, ಪೈಲಟ್‌ನ ವಾರವಾರದ ಗ್ರಾಫ್: ಎಲ್ಲಾ ಬ್ಯಾಕಪ್ ಸ್ಲೈಡ್‌ಗೆ ಹೋಗಲಿ. ನಿಯಮ ಸರಳ. ಒಂದು ಸಾಲನ್ನು ಬೆರಳಿನಿಂದ ಮುಚ್ಚಿ. ಅದಿಲ್ಲದೆಯೂ ತೀರ್ಮಾನ ಅದೇ ಆಗುತ್ತದೆ ಅಂದರೆ ಅಳಿಸಿ. ಅಕ್ಷರ ಸಣ್ಣದು ಮಾಡಿ ಉಳಿಸಿಕೊಳ್ಳುವ ಆಸೆ ಬರುತ್ತದೆ, ನನಗೂ ಬರುತ್ತದೆ. ಆದರೆ ಈ ಪುಟವನ್ನು ಅವರು ಫೋನ್‌ನಲ್ಲಿ ತೆರೆಯುವ ಸಾಧ್ಯತೆಯೇ ಜಾಸ್ತಿ.

ಬ್ಯಾಕಪ್‌ನಲ್ಲಿ ಒಂದು ಎಚ್ಚರ ಬೇಕು. ಮುಖ್ಯ ಪುಟದ ಪ್ರತಿ ಅಂಕಿಯೂ ಹಿಂದೆ ಎಲ್ಲೋ ಅದೇ ರೂಪದಲ್ಲಿ ಸಿಗಬೇಕು. ಮುಂದೆ "1.2 ಲಕ್ಷ" ಅಂತಿದ್ದು ಹಿಂದಿನ ಟೇಬಲ್‌ನಲ್ಲಿ 1,17,600 ಇದ್ದರೆ, ಅದು ಬರೀ ರೌಂಡ್ ಮಾಡಿದ್ದೋ ಹಳೆಯ ಲೆಕ್ಕವೋ ಅಂತ ಮೀಟಿಂಗ್‌ನ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ಲೆಕ್ಕ ಕೊನೆ ಗಳಿಗೆಯಲ್ಲಿ ಬದಲಾದಾಗ ಹೀಗಾಗುತ್ತದೆ. ಆದ್ದರಿಂದ ಸಮ್ಮರಿಯ ಅಂಕಿಗಳನ್ನು ಎಲ್ಲಕ್ಕಿಂತ ಕೊನೆಗೆ, ಮತ್ತೊಮ್ಮೆ ಹಿಂದಿನಿಂದ ನೋಡಿ ಬರೆಯಿರಿ. ವಾಕ್ಯಗಳನ್ನು ಮಾತ್ರ ಎಲ್ಲಕ್ಕಿಂತ ಮೊದಲು ಬರೆಯಿರಿ, ಅಂಕಿ ಜಾಗ ಖಾಲಿ ಬಿಟ್ಟು. ಯಾವ ಲೆಕ್ಕ ಮಾಡಬೇಕು ಅಂತ ಆ ಖಾಲಿ ಜಾಗಗಳೇ ಹೇಳುತ್ತವೆ.

ಇಷ್ಟೆಲ್ಲಾ ಮಾಡಿದರೂ ಟೈಟಲ್‌ನಲ್ಲಿ ಗಟ್ಟಿಯಾಗಿ ಕೇಳಲು ಧೈರ್ಯ ಬರದಿದ್ದರೆ, ಬರವಣಿಗೆಯನ್ನು ಬೈಯಬೇಡಿ. ಬಹುಶಃ ಆಧಾರವೇ ಸಾಲದು. ಪೈಲಟ್ ನಡೆದೇ ಇಲ್ಲ ಅಂದುಕೊಳ್ಳಿ. ಆಗ 9 ಲಕ್ಷ ಕೇಳುವುದು ತಪ್ಪು. "3 ಟೇಬಲ್‌ನಲ್ಲಿ 6 ವಾರ ಪ್ರಯೋಗಕ್ಕೆ ಒಪ್ಪಿಗೆ ಕೊಡಿ, ತಪ್ಪು 1.5%ಗಿಂತ ಕೆಳಗೆ ಬಂದರೆ ಪೂರ್ತಿ ಮೊತ್ತ ಕೇಳುತ್ತೇವೆ" ಅಂತ ಚಿಕ್ಕದಾಗಿ ಕೇಳಿ. ಇನ್ನೊಂದು, ಎದುರಿಗಿರುವ ಡೈರೆಕ್ಟರ್ ಒಬ್ಬರೇ 9 ಲಕ್ಷಕ್ಕೆ ಸಹಿ ಹಾಕಬಹುದೇ ಅಂತ ಮೊದಲೇ ವಿಚಾರಿಸಿ. ಹಾಕಲಾಗದಿದ್ದರೆ, ಮೇಲಿನವರಿಗೆ ಶಿಫಾರಸು ಮಾಡಿ ಅಂತ ಕೇಳಬೇಕು. ಆಗ ಈ ಪುಟ ನಾವಿಲ್ಲದೆ ಇನ್ನೊಬ್ಬರ ಇನ್‌ಬಾಕ್ಸ್‌ಗೆ ಹೋಗುತ್ತದೆ, ಬಾಯಲ್ಲಿ ವಿವರಿಸಲು ಯಾರೂ ಇರುವುದಿಲ್ಲ.

ಕಳಿಸುವ ಮುಂಚೆ ಮಾಡುವ ಪರೀಕ್ಷೆಯೂ ಅದಕ್ಕೆ ತಕ್ಕಂತಿರಲಿ. ಈ ಪ್ರಾಜೆಕ್ಟ್ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರಿಗೆ ಪುಟ ಕೊಡಿ. ಒಂದು ನಿಮಿಷ ಬಿಟ್ಟು ವಾಪಸ್ ತೆಗೆದುಕೊಳ್ಳಿ. ಏನು ಕೇಳುತ್ತಿದ್ದಾರೆ, ಎಷ್ಟು, ಯಾವಾಗಿನೊಳಗೆ, ಬೇಡ ಅಂದರೆ ಏನಾಗುತ್ತದೆ ಅಂತ ಕೇಳಿ. ಮೇಲಿನ ಸ್ಲೈಡನ್ನು ಹೀಗೆ ಕೊಟ್ಟಾಗ ನಾಲ್ಕನೆಯದಕ್ಕೆ ಗೆಳತಿ ತಡವರಿಸಿದಳು. 2 ಲಕ್ಷ ಹೋಗುತ್ತಿದೆ ಅಂತ ಬರೆದಿದ್ದೆ, ತಡವಾದರೆ ಏನು ಅಂತ ಬರೆದಿರಲಿಲ್ಲ. ದಿನಾಂಕದ ಸಾಲಿನ ಕೊನೆಗೆ ಇಷ್ಟು ಸೇರಿಸಿದೆ: "25 ದಾಟಿದರೆ ಜನವರಿವರೆಗೆ ಕಾಯಬೇಕು, ಅಲ್ಲಿಯವರೆಗೆ ತಿಂಗಳಿಗೆ 1.2 ಲಕ್ಷದ ಉಳಿತಾಯ ಕೈತಪ್ಪುತ್ತದೆ." ಅದಕ್ಕೆ ಜಾಗ ಮಾಡಲು ಆಧಾರದ ಸಾಲನ್ನು "ಯಾಕೆ" ಜೊತೆ ಸೇರಿಸಬೇಕಾಯಿತು.