ವರ್ಗಮೂಲದೊಳಗೆ ಮೇಲೆ ಯಾವುದು, ಕೆಳಗೆ ಯಾವುದು?

ಗಾಳಿಯಲ್ಲಿ ಶಬ್ದದ ವೇಗಕ್ಕೆ ಸೂತ್ರ ಕೊಡಿ ಎಂದರೆ ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ಮೂರು ಸಂಗತಿ ನೆನಪಿರುತ್ತವೆ: ಒತ್ತಡ P, ಸಾಂದ್ರತೆ ρ ಮತ್ತು ಒಂದು ವರ್ಗಮೂಲದ ಚಿಹ್ನೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಮಾತ್ರ ಕೈಕೊಡುತ್ತದೆ. ಉತ್ತರ ಪತ್ರಿಕೆಗಳಲ್ಲಿ √(ρ/P) ಎಂದು ಬರೆದದ್ದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಮೊದಲನೆಯ ಅಧ್ಯಾಯದಲ್ಲೇ ಕಲಿತ ಆಯಾಮಗಳನ್ನು ಅಲ್ಲೇ ಪಕ್ಕದಲ್ಲಿ ಬರೆದಿದ್ದರೆ ಅರ್ಧ ನಿಮಿಷದಲ್ಲಿ ತಪ್ಪು ಸಿಕ್ಕಿಬೀಳುತ್ತಿತ್ತು.

ಬರೆದೇ ನೋಡೋಣ. ಒತ್ತಡವೆಂದರೆ ಏಕಮಾನ ವಿಸ್ತೀರ್ಣದ ಮೇಲಿನ ಬಲ. ಬಲದ ಆಯಾಮ [M L T⁻²]. ಅದನ್ನು L² ನಿಂದ ಭಾಗಿಸಿದರೆ ಒತ್ತಡಕ್ಕೆ [M L⁻¹ T⁻²] ಬರುತ್ತದೆ. ಸಾಂದ್ರತೆಯದು [M L⁻³]. ಈಗ ρ/P ಮಾಡಿದರೆ M ಹೊಡೆದುಹೋಗಿ [L⁻² T²] ಉಳಿಯುತ್ತದೆ, ಅದರ ವರ್ಗಮೂಲ [L⁻¹ T]. ನಮಗೆ ಬೇಕಾದ ವೇಗ [L T⁻¹]. ಸಿಕ್ಕಿರುವುದು ಅದರ ವಿಲೋಮ. ಅಂದರೆ ಸೂತ್ರ ತಪ್ಪು ಎಂಬುದಷ್ಟೇ ಅಲ್ಲ, ತಲೆಕೆಳಗಾಗಿದೆ ಎಂಬುದೂ ತಿಳಿಯಿತು. ತಪ್ಪಿನ ಸ್ವರೂಪವೇ ಅದನ್ನು ತಿದ್ದುವ ದಾರಿಯನ್ನು ತೋರಿಸುವ ಇಂತಹ ಸಂದರ್ಭಗಳು ಬಹಳ.

ಸೂತ್ರವೇ ಮರೆತುಹೋಗಿದ್ದರೆ? ಆಗ ಕಟ್ಟಿಕೊಳ್ಳಬೇಕು. ಶಬ್ದದ ವೇಗ ಯಾವುದನ್ನು ಅವಲಂಬಿಸಿರಬಹುದು ಎಂದು ಮೊದಲು ಯೋಚಿಸಿ. ಹಿಂಡಿದ ಗಾಳಿಯನ್ನು ಮರಳಿ ತಳ್ಳುವುದು ಒತ್ತಡ. ಚಲಿಸಬೇಕಾದ ಗಾಳಿಯ ಜಡತ್ವವನ್ನು ಹೇಳುವುದು ಸಾಂದ್ರತೆ. ತರಂಗದೂರ λ ಕೂಡ ಪಾತ್ರ ವಹಿಸುತ್ತದೆಯೋ ಏನೋ ಎಂಬ ಅನುಮಾನವಿದ್ದರೆ ಅದನ್ನೂ ಸೇರಿಸಿಕೊಳ್ಳಿ. ವಿಧಾನವೇ ತೀರ್ಪು ಕೊಡುತ್ತದೆ.

v = k Pᵃ ρᵇ λᶜ

ಇಲ್ಲಿ k ಆಯಾಮವಿಲ್ಲದ ಒಂದು ಸಂಖ್ಯೆ. ಎರಡೂ ಬದಿಯ ಆಯಾಮಗಳನ್ನು ಬರೆದು M, L, T ಗಳ ಘಾತಗಳನ್ನು ಬೇರೆ ಬೇರೆಯಾಗಿ ಸಮೀಕರಿಸಿದರೆ ಹೀಗಾಗುತ್ತದೆ:

M: a + b = 0
L: −a − 3b + c = 1
T: −2a = −1

ಕೊನೆಯ ಸಮೀಕರಣದಿಂದ ಶುರುಮಾಡುವುದು ಸುಲಭ. a = ½, ಹಾಗಾಗಿ b = −½. ಎರಡನ್ನೂ L ನ ಸಾಲಿನಲ್ಲಿ ಇಟ್ಟರೆ −½ + 3/2 + c = 1, ಅಂದರೆ c = 0. ಸೂತ್ರ v = k √(P/ρ) ಎಂದಾಯಿತು.

ತರಗತಿಯಲ್ಲಿ c = 0 ಬಂದೊಡನೆ ಅನೇಕರು ಅದನ್ನು ಗಮನಿಸದೆ ಮುಂದಕ್ಕೆ ಹೋಗುತ್ತಾರೆ. ನಾನು ಅಲ್ಲೇ ನಿಲ್ಲಿಸುತ್ತೇನೆ. ಶಬ್ದದ ವೇಗ ತರಂಗದೂರವನ್ನು ಅವಲಂಬಿಸಿಲ್ಲ ಎಂದು ಈ ಸೊನ್ನೆ ಹೇಳುತ್ತಿದೆ. ಮೈದಾನದ ತುದಿಯಲ್ಲಿ ನಿಂತು ಕೇಳಿದರೂ ನಾದಸ್ವರವೂ ಡೋಲೂ ತಾಳ ತಪ್ಪದೆ ಒಟ್ಟಿಗೆ ಕಿವಿಗೆ ಬೀಳುವುದು ಇದೇ ಕಾರಣಕ್ಕೆ. ಆಳವಾದ ನೀರಿನ ಮೇಲಿನ ಅಲೆಗಳಿಗೆ g, ρ, λ ತೆಗೆದುಕೊಂಡು ಇದೇ ಲೆಕ್ಕ ಮಾಡಿ ನೋಡಿ. ಅಲ್ಲಿ ಸಾಂದ್ರತೆ ಬಿಟ್ಟುಹೋಗಿ ವೇಗ √(gλ) ಗೆ ಅನುಪಾತದಲ್ಲಿರುತ್ತದೆ, ಉದ್ದನೆಯ ಅಲೆ ಬೇಗ ಸಾಗುತ್ತದೆ.

ಇಲ್ಲಿ ಒಬ್ಬ ಜಾಣ ವಿದ್ಯಾರ್ಥಿ ಕೇಳಬಹುದು: ಗಾಳಿಗೂ ಗುರುತ್ವವಿದೆಯಲ್ಲ ಸರ್, g ಯನ್ನೂ ಯಾಕೆ ಸೇರಿಸಬಾರದು? ಸೇರಿಸಿದರೆ ಅಜ್ಞಾತ ಘಾತಗಳು ನಾಲ್ಕಾಗುತ್ತವೆ, ಸಮೀಕರಣಗಳು ಮೂರೇ ಉಳಿಯುತ್ತವೆ. ಉತ್ತರ ಒಂದೇ ಎಂದು ನಿರ್ಧರಿಸಲಾಗುವುದಿಲ್ಲ. ಪಠ್ಯಪುಸ್ತಕಗಳು ಇದನ್ನು ವಿಧಾನದ ಮಿತಿ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಆದರೆ ಇನ್ನೊಂದು ಹೆಜ್ಜೆ ಇಡಬಹುದು. ಈ ನಾಲ್ಕರಿಂದ ಆಯಾಮವೇ ಇಲ್ಲದ ಒಂದು ಗುಂಪು ಹುಟ್ಟುತ್ತದೆ: ρgλ/P. ವೇಗದ ಸೂತ್ರದಲ್ಲಿ ಗುರುತ್ವ ಬರುವುದಾದರೆ ಈ ಗುಂಪಿನ ಮೂಲಕವೇ ಬರಬೇಕು. ಅದರ ಬೆಲೆ ಎಷ್ಟೆಂದು ನೋಡೋಣ. λ = 1 ಮೀಟರ್, ρ = 1.29 ಕೆಜಿ/ಮೀ³, P = 1.013 × 10⁵ ಪ್ಯಾಸ್ಕಲ್ ಹಾಕಿದರೆ ಸುಮಾರು 1/8000. ಬೇರೆ ಮಾತಿನಲ್ಲಿ ಹೇಳುವುದಾದರೆ, P/ρg ಎಂಬುದು ಸುಮಾರು 8 ಕಿಲೋಮೀಟರ್ ಉದ್ದ. ಒಂದು ಮೀಟರಿನ ತರಂಗ ಅದರೆದುರು ತೀರ ಸಣ್ಣದು. ನಾವು ಕೇಳುವ ಶಬ್ದದ ಮಟ್ಟಿಗೆ g ಯನ್ನು ಕೈಬಿಟ್ಟದ್ದು ಅನುಕೂಲಕ್ಕಾಗಿ ಮಾಡಿದ ಕಣ್ಕಟ್ಟಲ್ಲ, ಅದಕ್ಕೆ ಆಧಾರವಿದೆ. ಯಾವ ಪರಿಮಾಣಗಳನ್ನು ಆರಿಸಿಕೊಳ್ಳಬೇಕು ಎಂಬ ಈ ಭಾಗವೇ ನಿಜವಾದ ಭೌತಶಾಸ್ತ್ರ; ಘಾತಗಳನ್ನು ಬಿಡಿಸುವುದು ಬರಿಯ ಬೀಜಗಣಿತ.

ಇನ್ನು k ಯ ವಿಷಯ. ಈ ಸೂತ್ರಕ್ಕೆ ಅಂಟಿಕೊಂಡಿರುವ ಚರಿತ್ರೆ ವಿಧಾನದ ಮಿತಿಯನ್ನು ತಾನೇ ಹೇಳುತ್ತದೆ. 1687ರಲ್ಲಿ ಪ್ರಕಟವಾದ ತಮ್ಮ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಶಬ್ದದ ವೇಗವನ್ನು ಲೆಕ್ಕಹಾಕಿದರು. ಅವರ ತರ್ಕವನ್ನು ಇಂದಿನ ಚಿಹ್ನೆಗಳಲ್ಲಿ ಬರೆದರೆ v = √(P/ρ), ಅಂದರೆ k = 1. ಮೇಲಿನ ಬೆಲೆಗಳನ್ನೇ ಹಾಕಿದರೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 280 ಮೀಟರ್ ಬರುತ್ತದೆ. ಅಳತೆ ಮಾಡಿದರೆ ಸಿಗುವುದು ಸುಮಾರು 331. ಆಯಾಮಗಳ ಪರೀಕ್ಷೆಯಲ್ಲಿ ನ್ಯೂಟನ್ನರ ಸೂತ್ರ ನೂರಕ್ಕೆ ನೂರು ಪಾಸು, ಆದರೂ ಉತ್ತರದಲ್ಲಿ ಶೇಕಡಾ 15ರಷ್ಟು ಕೊರತೆ.

ಗಾಳಿ ಹಿಂಡಿದಾಗ ಬಿಸಿಯಾಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ನ್ಯೂಟನ್ನರ ಲೆಕ್ಕದಲ್ಲಿ ಉಷ್ಣತೆ ಬದಲಾಗುವುದಿಲ್ಲ. ವಾಸ್ತವದಲ್ಲಿ ಶಬ್ದದ ಹಿಂಡು-ಹಿಗ್ಗು ಎಷ್ಟು ಬೇಗ ನಡೆಯುತ್ತದೆ ಎಂದರೆ, ಉಷ್ಣ ಅತ್ತಿತ್ತ ಹರಿಯಲು ಸಮಯವೇ ಇರುವುದಿಲ್ಲ. ಬಿಸಿಯಾದ ಗಾಳಿ ಇನ್ನಷ್ಟು ಬಲವಾಗಿ ಮರಳಿ ತಳ್ಳುತ್ತದೆ. ಇದನ್ನು ತೋರಿಸಿಕೊಟ್ಟವರು ಲಾಪ್ಲಾಸ್, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಅವರ ತಿದ್ದುಪಡಿಯಿಂದ P ಯ ಜಾಗದಲ್ಲಿ γP ಬಂತು. γ ಎಂದರೆ ಅನಿಲದ ಎರಡು ವಿಶಿಷ್ಟೋಷ್ಣಗಳ ಅನುಪಾತ, ಗಾಳಿಗೆ ಸುಮಾರು 1.4. ಒಂದೇ ಬಗೆಯ ಎರಡು ಪರಿಮಾಣಗಳ ಅನುಪಾತಕ್ಕೆ ಆಯಾಮವಿರುವುದಿಲ್ಲ. ಹಾಗಾಗಿ ನಮ್ಮ M, L, T ಲೆಕ್ಕದ ಕಣ್ಣಿಗೆ γ ಬೀಳುವುದೇ ಇಲ್ಲ. ಉಷ್ಣತೆ ಸ್ಥಿರವಾಗಿದೆಯೇ, ಉಷ್ಣ ಹೊರಹೋಗುತ್ತಿದೆಯೇ ಎಂಬ ಪ್ರಶ್ನೆಗಳು ಆ ಲೆಕ್ಕದೊಳಗೆ ಎಲ್ಲೂ ಏಳುವುದಿಲ್ಲ. ಆದ್ದರಿಂದ ‘ಆಯಾಮಗಳು ಸರಿಹೊಂದಿವೆ, ಸಮೀಕರಣ ಸರಿ’ ಎಂದು ಬರೆಯಬೇಡಿ. ‘ಸಮೀಕರಣ ಆಯಾಮಗಳ ದೃಷ್ಟಿಯಿಂದ ಸರಿಯಾಗಿದೆ’ ಎಂದು ಬರೆಯಿರಿ. ಆಯಾಮ ಹೊಂದದಿದ್ದರೆ ಮಾತ್ರ ತಪ್ಪು ಎಂದು ಖಡಾಖಂಡಿತವಾಗಿ ಹೇಳಬಹುದು.

k ಯನ್ನು ಆಯಾಮಗಳಿಂದ ಪಡೆಯಲಾಗದಿದ್ದರೂ ಪ್ರಯೋಗಾಲಯದಲ್ಲಿ ಪಡೆಯಬಹುದು. ಅನುನಾದ ಕೊಳವೆಯ ಪ್ರಯೋಗದಲ್ಲಿ ನೀರಿನ ಮಟ್ಟವನ್ನು ಇಳಿಸುತ್ತಾ ಹೋದಾಗ ಎರಡು ಕಡೆ ಶಬ್ದ ಜೋರಾಗುತ್ತದೆ. ಆ ಎರಡು ಉದ್ದಗಳ ವ್ಯತ್ಯಾಸ ತರಂಗದೂರದ ಅರ್ಧ. 512 ಹರ್ಟ್ಸ್‌ನ ಶ್ರುತಿಕವೆ ಬಳಸಿ, ಕೊಠಡಿಯ ಉಷ್ಣತೆ 27 ಡಿಗ್ರಿ ಇದ್ದಾಗ, ವ್ಯತ್ಯಾಸ ಸುಮಾರು 33.9 ಸೆಂಟಿಮೀಟರ್ ಬರಬೇಕು. v = 2 × 512 × 0.339, ಅಂದರೆ ಸೆಕೆಂಡಿಗೆ 347 ಮೀಟರ್. ಅದೇ ಉಷ್ಣತೆಯಲ್ಲಿ ಸಮುದ್ರಮಟ್ಟದ ಗಾಳಿಯ ಸಾಂದ್ರತೆ ಸುಮಾರು 1.18 ಕೆಜಿ/ಮೀ³, √(P/ρ) ಸುಮಾರು 293. ನಿಮ್ಮ ಕಾಲೇಜು ಮಂಗಳೂರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಉಷ್ಣತೆ ಒಂದೇ ಆಗಿದ್ದರೆ ಈ ಸಂಖ್ಯೆ ಬದಲಾಗುವುದಿಲ್ಲ. ಎತ್ತರಕ್ಕೆ ಹೋದಂತೆ ಒತ್ತಡ ಇಳಿದರೆ ಸಾಂದ್ರತೆಯೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಈಗ 347 ನ್ನು 293 ರಿಂದ ಭಾಗಿಸಿ. k = 1.18. ಅದನ್ನು ವರ್ಗ ಮಾಡಿದರೆ 1.4, ಲಾಪ್ಲಾಸರ γ.